ಕೊಡ ತುಂಬುವ ಸದ್ದು, ಬಾಯೊಳಗಿನ ಸ್ವರ

ಕೇಳುಗರಿಗೆ ನಮಸ್ಕಾರ.

ಮುಂಬಯಿಯ ಚಾಳಿನಲ್ಲಿ ಬೆಳೆದವರಿಗೆ ಬೆಳಗಿನ ನಳದ ನೀರಿನ ಸದ್ದು ನೆನಪಿರುತ್ತದೆ. ಐದು ಗಂಟೆಗೆ ನೀರು ಬಂದರೆ ಅಮ್ಮ ಮೋರಿಯಲ್ಲಿ ಕೊಡಪಾನ ಇಟ್ಟು ಒಲೆಯ ಕಡೆ ಹೋಗುತ್ತಿದ್ದರು. ಕೊಡ ತುಂಬಿತೋ ಇಲ್ಲವೋ ಎಂದು ಅವರು ಬಂದು ನೋಡುತ್ತಿರಲಿಲ್ಲ. ಮೊದಲು ದಪ್ಪಗಿದ್ದ ಸದ್ದು ಏರುತ್ತ ಏರುತ್ತ ಕಂಠದ ಹತ್ತಿರ ಬಂದಾಗ ಸಣ್ಣದಾಗುತ್ತಿತ್ತು. ಆಗ ಅಲ್ಲಿಂದಲೇ, "ನಳ ಮುಚ್ಚೋ" ಎಂದು ಕೂಗುತ್ತಿದ್ದರು. ನೀರು ಬೀಳುವುದು ಒಂದೇ ರೀತಿ. ಕೊಡದೊಳಗಿನ ಗಾಳಿಯ ಜಾಗ ಕಿರಿದಾದಂತೆ ಅದು ಅನುರಣಿಸುವ ಎತ್ತರ ಮಾತ್ರ ಬದಲಾಗುತ್ತದೆ.

ಈಗ ನೀವು ಕೂತಲ್ಲೇ ಒಂದು ಕೆಲಸ ಮಾಡಿ. ದನಿ ತೆಗೆಯದೆ, ಬರೀ ಪಿಸುಮಾತಿನಲ್ಲಿ ನನ್ನ ಜೊತೆ ಹೇಳಿ: ಊ… ಓ… ಆ… ಏ… ಈ… ಇನ್ನೊಮ್ಮೆ, ನಿಧಾನವಾಗಿ: ಊ… ಓ… ಆ… ಏ… ಈ. ಕೊಡ ತುಂಬಿದ ಹಾಗೆ ಸದ್ದು ಮೇಲೇರಿತು, ಅಲ್ಲವೇ? ಪಿಸುಮಾತಿನಲ್ಲಿ ಧ್ವನಿತಂತುಗಳು ಕಂಪಿಸುವುದಿಲ್ಲ, ಆದ್ದರಿಂದ ಇದು ಶ್ರುತಿಯ ಏರಿಕೆಯಲ್ಲ. ಬಾಯಿ ಮತ್ತು ಗಂಟಲಿನೊಳಗಿನ ಗಾಳಿಯ ಅನುರಣನವೇ ಏರಿದ್ದು. ಈ ಅನುರಣನಗಳಿಗೆ ಧ್ವನಿವಿಜ್ಞಾನದಲ್ಲಿ ಫಾರ್ಮೆಂಟ್ ಎಂದು ಹೆಸರು. ನೀವು ಈಗ ಕೇಳಿಸಿಕೊಂಡದ್ದು ಮುಖ್ಯವಾಗಿ ಎರಡನೆಯ ಫಾರ್ಮೆಂಟ್.

ಬಾಯಿ ಕೊಡದಷ್ಟು ಸರಳವಲ್ಲ. ಅದಕ್ಕೆ ಒಂದೇ ಅನುರಣನ ಇರುವುದಿಲ್ಲ. ವಯಸ್ಕ ಗಂಡಸಿನ ಧ್ವನಿಪೆಟ್ಟಿಗೆಯಿಂದ ತುಟಿಯವರೆಗೆ ಸುಮಾರು 17.5 ಸೆಂಟಿಮೀಟರು ಉದ್ದ. ಒಂದು ತುದಿ ಮುಚ್ಚಿ ಇನ್ನೊಂದು ತುದಿ ತೆರೆದ ಅಷ್ಟುದ್ದದ ನೇರ ಕೊಳವೆ ಸುಮಾರು 500, 1500, 2500 ಹರ್ಟ್ಸ್‌ಗಳಲ್ಲಿ ಅನುರಣಿಸುತ್ತದೆ. ಅಂದರೆ ಸಾವಿರಕ್ಕೊಂದರಂತೆ. ನಾಲಿಗೆ ಮತ್ತು ತುಟಿ ಈ ಕೊಳವೆಯ ಆಕಾರವನ್ನು ಬದಲಿಸಿದಾಗ ಈ ಎತ್ತರಗಳು ಅತ್ತಿತ್ತ ಸರಿಯುತ್ತವೆ. ಬಾಯಿ ಹೆಚ್ಚು ತೆರೆದಷ್ಟೂ ಮೊದಲನೆಯ ಫಾರ್ಮೆಂಟ್ ಏರುತ್ತದೆ. ನಾಲಿಗೆ ಮುಂದೆ ಬಂದಷ್ಟೂ ಎರಡನೆಯದು ಏರುತ್ತದೆ, ತುಟಿ ದುಂಡಗಾದರೆ ಇಳಿಯುತ್ತದೆ.

ಸದ್ದಿನ ಚಿತ್ರವಾದ ಸ್ಪೆಕ್ಟ್ರೋಗ್ರಾಮ್ ತೋರಿಸುವುದು ಇದನ್ನೇ. ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಹರ್ಟ್ಸ್, ಶಕ್ತಿ ಹೆಚ್ಚಿದ್ದಲ್ಲಿ ಕಪ್ಪು. ಸ್ವರ ಬಂದ ಕಡೆ ಅಡ್ಡಡ್ಡ ಕಪ್ಪು ಪಟ್ಟಿಗಳು ಕಾಣುತ್ತವೆ. 'ಈ'ಯಲ್ಲಿ ಮೊದಲ ಪಟ್ಟಿ ತೀರಾ ಕೆಳಗೆ, ಎರಡನೆಯದು ಬಹಳ ಮೇಲೆ, ನಡುವೆ ಬಯಲು. 'ಆ'ದಲ್ಲಿ ಎರಡೂ ನಡುವಿನ ಎತ್ತರದಲ್ಲಿ ನೆರೆಹೊರೆ. 'ಊ'ದಲ್ಲಿ ಎರಡೂ ಕೆಳಗೇ ಅಂಟಿಕೊಂಡಿರುತ್ತವೆ. ಈ ಎರಡು ಸಂಖ್ಯೆಗಳನ್ನು ಒಂದು ಕಾಗದದ ಮೇಲೆ ಚುಕ್ಕೆಯಾಗಿ ಇಡುತ್ತ ಹೋದರೆ ಮೂರು ಮೂಲೆಯ ಆಕಾರ ಮೂಡುತ್ತದೆ: ಒಂದು ಮೂಲೆಗೆ ಈ, ಇನ್ನೊಂದಕ್ಕೆ ಊ, ಮೂರನೆಯದಕ್ಕೆ ಆ. ಏ ಮತ್ತು ಓ ಬದಿಗಳ ಮೇಲೆ ಕೂರುತ್ತವೆ. ಇದು ಒಬ್ಬ ವ್ಯಕ್ತಿಯ ಸ್ವರಕ್ಷೇತ್ರ.

ಡೊಂಬಿವಲಿಯ ನಮ್ಮ ನೆಂಟರ ಮನೆಯಲ್ಲಿ ಒಂದು ಭಾನುವಾರ ಈ ನಕ್ಷೆ ಬರೆಯಲು ಕೂತಿದ್ದೆ. ಮಾತಾಡಿದವರು ಇಬ್ಬರು, ಉಡುಪಿ ಕಡೆಯಿಂದ ಬಂದು ಐವತ್ತು ವರ್ಷವಾದ ಅಜ್ಜ ಮತ್ತು ಏಳು ವರ್ಷದ ಮೊಮ್ಮಗಳು. ಐದು ಶಬ್ದಗಳು: ಈಗ, ಏಣಿ, ಆಟ, ಓಟ, ಊಟ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಲೋಕಲ್ ಹೋಗುವವರೆಗೆ ಕಾದು, ಒಂದೊಂದನ್ನು ಮೂರು ಸಲ ಹೇಳಿಸಿದೆ. ಅಳತೆಯನ್ನು ಸ್ವರದ ನಟ್ಟನಡುವೆ ತೆಗೆದೆ. ಕೊನೆಯಲ್ಲಿ ತೆಗೆದರೆ ಮುಂದಿನ 'ಟ'ಕಾರಕ್ಕಾಗಿ ನಾಲಿಗೆ ಆಗಲೇ ಮೇಲಕ್ಕೆ ಸುರುಳಿದ್ದು, ಮೂರನೆಯ ಪಟ್ಟಿಯನ್ನು ಕೆಳಗೆಳೆದಿರುತ್ತದೆ.

ಮೊದಲು ಮಗುವಿನದು ಮುಗಿಯಿತು. ಆಮೇಲೆ ಅಜ್ಜನದು. ನಕ್ಷೆ ನೋಡಿದರೆ ಅಜ್ಜನ ಈ, ಏ, ಆ, ಓ ಸರಿಯಾದ ಜಾಗದಲ್ಲಿವೆ. 'ಊ' ಮಾತ್ರ 'ಈ'ಯ ಪಕ್ಕ! ಕಂಪ್ಯೂಟರು ಅದರ ಎರಡನೆಯ ಫಾರ್ಮೆಂಟ್ ಸುಮಾರು 2250 ಹರ್ಟ್ಸ್ ಎನ್ನುತ್ತಿದೆ. ಪರದೆಯನ್ನೇ ನೋಡುತ್ತಿದ್ದ ಮಗು ಕೂಗಿತು: "ಅಜ್ಜಾ, ನಿಮ್ಮ ಊಟ ಈಟ ಆಗಿದೆ!"

ಕಿವಿಗೆ ಅದು ಅಪ್ಪಟ 'ಊ'. ಹಾಗಾದರೆ ತಪ್ಪು ಅಳತೆಯದು. ಸಂಖ್ಯೆ ಬಿಟ್ಟು ಚಿತ್ರವನ್ನೇ ದಿಟ್ಟಿಸಿದೆ. ನಿಜವಾದ 'ಈ'ಯಲ್ಲಿ 2250ರ ಸುತ್ತ ದಟ್ಟ ಕಪ್ಪು ಇತ್ತು. ಈ 'ಊ'ದಲ್ಲಿ ಆ ಎತ್ತರದಲ್ಲಿ ಬರೀ ಮಸುಕು ನೆರಳು. ಕೆಳಗೆ, ಸಾವಿರದೊಳಗೆ ಒಂದೇ ದಪ್ಪ ಪಟ್ಟಿ, ಅದರ ಮೇಲೆ ಫಾರ್ಮೆಂಟ್ ಇಲ್ಲಿದೆ ಎಂದು ಕಂಪ್ಯೂಟರು ಇಡುವ ಕೆಂಪು ಚುಕ್ಕೆ ಒಂದೇ ಸಾಲು. ಅಲ್ಲಿ ಎರಡು ಸಾಲು ಇರಬೇಕಿತ್ತು.

ಕಾರಣ ಹೀಗೆ. ನಾನು ಅಳತೆಗೆ ಬಳಸಿದ ಪ್ರಾಟ್ ಎಂಬ ತಂತ್ರಾಂಶ, ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದ ಇಬ್ಬರು ಮಾಡಿ ಉಚಿತವಾಗಿ ಕೊಟ್ಟಿರುವುದು, ಇಷ್ಟು ಹರ್ಟ್ಸ್‌ವರೆಗೆ ಎಂದು ನಾವು ಹೇಳಿದ ಮೇಲ್ಮಿತಿಯೊಳಗೆ ಸಾಮಾನ್ಯವಾಗಿ ಐದು ಫಾರ್ಮೆಂಟ್ ಹುಡುಕುತ್ತದೆ. ಚಿಕ್ಕ ಮಕ್ಕಳ ಕೊಳವೆ ಗಿಡ್ಡ, ಅವರ ಪಟ್ಟಿಗಳು ದೂರದೂರ. ಅದಕ್ಕೆಂದು ಮೇಲ್ಮಿತಿಯನ್ನು 8000ಕ್ಕೆ ಏರಿಸಿದ್ದೆ, ಅಜ್ಜನ ಸರದಿ ಬಂದಾಗ ಇಳಿಸಲು ಮರೆತೆ. ಅಜ್ಜನಿಗೆ ಸಾವಿರಕ್ಕೊಂದರಂತೆ 8000ದೊಳಗೆ ಎಂಟು ಫಾರ್ಮೆಂಟ್. ಎಂಟು ಜನರಿಗೆ ಐದೇ ಸೀಟು. ತೀರಾ ಒತ್ತಾಗಿ ಕೂತವರು ಒಬ್ಬರಾಗಿ ಎಣಿಕೆಯಾದರು. 'ಊ'ದಲ್ಲಿ ಮೊದಲ ಎರಡೂ ಕೆಳಗೆ ಒತ್ತಿಕೊಂಡಿರುವುದರಿಂದ ಅವೇ ಬೆರೆತು ಒಂದಾದವು, ಮೂರನೆಯದಕ್ಕೆ ಎರಡನೆಯದೆಂಬ ಹೆಸರು ಬಂತು. ಮೇಲ್ಮಿತಿಯನ್ನು 5000ಕ್ಕೆ ಇಳಿಸಿದ ಕೂಡಲೇ ಕೆಂಪು ಚುಕ್ಕೆ ಎರಡು ಸಾಲಾಗಿ ಒಡೆಯಿತು: ಒಂದು ಸುಮಾರು 320, ಇನ್ನೊಂದು 850. ಅಜ್ಜನ ಊಟ ಊಟದ ಜಾಗಕ್ಕೆ ಮರಳಿತು. ಹೆಂಗಸರಿಗಾದರೆ 5500 ಇಡುವುದು ರೂಢಿ.

ಈಗ ಎರಡೂ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟೆ. ಅಜ್ಜನ 'ಈ'ಯ ಎರಡನೆಯ ಫಾರ್ಮೆಂಟ್ 2250, ಮಗುವಿನದು 3100ರ ಆಚೆ. ಎರಡನ್ನೂ ನಾವು ಒಂದೇ 'ಈ' ಎಂದು ಕೇಳುತ್ತೇವೆ. ಈ ವಿಷಯದಲ್ಲಿ ನನ್ನನ್ನು ಇಂದಿಗೂ ಹಿಡಿದು ನಿಲ್ಲಿಸುವುದು ಇದೇ. 1952ರಲ್ಲಿ ಅಮೆರಿಕದ ಪೀಟರ್ಸನ್ ಮತ್ತು ಬಾರ್ನಿ 76 ಜನ ಗಂಡಸರು, ಹೆಂಗಸರು, ಮಕ್ಕಳ ಇಂಗ್ಲಿಷ್ ಸ್ವರಗಳನ್ನು ಅಳೆದಾಗ, ಒಬ್ಬರ ಒಂದು ಸ್ವರ ಇನ್ನೊಬ್ಬರ ಬೇರೆ ಸ್ವರದ ಜಾಗಕ್ಕೆ ಹೋಗಿ ಬೀಳುವುದನ್ನು ಕಂಡಿದ್ದರು. ಹಾಗಾಗಿ ಬಿಡಿ ಚುಕ್ಕೆಗೆ ಬೆಲೆಯಿಲ್ಲ. ಅದೇ ಬಾಯಿಯ ಉಳಿದ ಚುಕ್ಕೆಗಳ ನಡುವೆ ಅದು ಎಲ್ಲಿದೆ ಎಂದು ನೋಡಬೇಕು. ಅಜ್ಜನ ಮತ್ತು ಮೊಮ್ಮಗಳ ಆಕಾರಗಳ ಅಳತೆ ಬೇರೆ, ಮೂಲೆಗಳ ಕ್ರಮ ಒಂದೇ.

ಮಗುವಿನ ನಕ್ಷೆಯಲ್ಲಿ ನನಗೆ ಪೂರ್ತಿ ನಂಬಿಕೆ ಇರಲಿಲ್ಲ, ಅದಕ್ಕೂ ಕಾರಣವಿದೆ. ಅವಳ ಶ್ರುತಿ ಸುಮಾರು 300 ಹರ್ಟ್ಸ್. ಆ ದನಿಯಲ್ಲಿ ಶಕ್ತಿ ಇರುವುದು 300, 600, 900 ಹೀಗೆ ಮೆಟ್ಟಿಲು ಮೆಟ್ಟಿಲಾಗಿ. ಫಾರ್ಮೆಂಟ್ ಎರಡು ಮೆಟ್ಟಿಲ ನಡುವೆ ಬಿದ್ದರೆ ಅದನ್ನು ತೋರಿಸಲು ಅಲ್ಲಿ ಶಕ್ತಿಯೇ ಇರುವುದಿಲ್ಲ, ಮೆಟ್ಟಿಲನ್ನೇ ಫಾರ್ಮೆಂಟ್ ಎಂದು ಓದಿಬಿಡುವ ಅಪಾಯವೂ ಇದೆ. ಪರೀಕ್ಷಿಸಲು ಅವಳಿಗೆ ಬಾಯಿಯ ಆಕಾರ ಬದಲಿಸದೆ 'ಆ' ಎಂದು ಕೆಳಗಿನಿಂದ ಮೇಲಕ್ಕೆ ಎಳೆದು ಹಾಡಲು ಹೇಳಿದೆ. ಸಂಗೀತದ ಪಾಠಕ್ಕೆ ಹೋಗುವ ಹುಡುಗಿ, ಸಲೀಸಾಗಿ ಎಳೆದಳು. ಪರದೆಯ ಮೇಲೆ ಸಣ್ಣ ಗೆರೆಗಳೆಲ್ಲ ಜೊತೆಯಾಗಿ ಓರೆಯಾಗಿ ಮೇಲೇರಿದವು. 1000ದ ಹತ್ತಿರ ಒಂದು ಜಾಗವನ್ನು ದಾಟುವಾಗ ಮಾತ್ರ ಪ್ರತಿಯೊಂದು ಗೆರೆಯೂ ಕಪ್ಪಾಗಿ, ದಾಟಿದ ಮೇಲೆ ಮತ್ತೆ ಮಸುಕಾಯಿತು. ಏರಿಹೋದ ಗೆರೆಗಳು ಅವಳ ಶ್ರುತಿಯವು. ಅಲುಗದೆ ನಿಂತ ಆ ಕಪ್ಪು ಜಾಗ ಅವಳ 'ಆ'ದ ಮೊದಲ ಫಾರ್ಮೆಂಟ್.