ಶತಾವರಿ ಡಬ್ಬಿ ಮುಚ್ಚಳ ತೆಗೆಯೋಕೆ ಮುಂಚೆ ಮಗುವಿನ ಒದ್ದೆ ಬಟ್ಟೆ ಎಣಿಸ್ರಿ

(ದಾವಣಗೆರೆಯಲ್ಲಿ ಮಹಿಳಾ ಸಂಘದ ಸಭೆಯಲ್ಲಿ ಆಯುರ್ವೇದ ವೈದ್ಯೆಯೊಬ್ಬರು ಮಾತಾಡಿದ್ದು)

ನಮಸ್ಕಾರ ರೀ ಎಲ್ರಿಗೂ. ಹಿಂದೆ ಕೂತಿರೋ ಅಜ್ಜಿಯಂದ್ರಿಗೆ ಕೇಳಿಸ್ತೈತಾ? ಕೇಳಿಸ್ತೈತೆ ಅಂದ್ರೆ ಸರಿ, ಯಾಕಂದ್ರೆ ಇವತ್ತಿನ ಮಾತು ಬಾಣಂತಿಗಿಂತ ಜಾಸ್ತಿ ನಿಮಗೇ ಬೇಕಾಗಿರೋದು, ಮನೇಲಿ ಡಬ್ಬಿ ತರಿಸೋದು ನೀವೇ ಅಲ್ವಾ.

ಶತಾವರಿ ಅಂದ್ರೆ ಗೊತ್ತಾಗದೇ ಇರೋರಿಗೆ ಹಲವು ಮಕ್ಕಳ ತಾಯಿ ಬೇರು ಅಂದ್ರೆ ಗೊತ್ತಾಗ್ತೈತೆ. ಕೆಲವು ಕಡೆ ಮಜ್ಜಿಗೆ ಗೆಡ್ಡೆ ಅಂತಾನೂ ಕರೀತಾರೆ. ಮುಳ್ಳಿನ ಬಳ್ಳಿ, ಎಲೆ ಸೂಜಿ ತರ ಸಣ್ಣಕೆ, ಕೆಳಗೆ ಅಗೆದ್ರೆ ಒಂದೇ ಬುಡಕ್ಕೆ ಬೆರಳು ಗಾತ್ರದ ಗೆಡ್ಡೆ ಗೊಂಚಲು ಗೊಂಚಲಾಗಿ ಜೋತು ಬಿದ್ದಿರ್ತಾವೆ, ಅದಕ್ಕೇ ಆ ಹೆಸರು. ಬಾಣಂತಿಗೆ ಎದೆಹಾಲು ಹೆಚ್ಚಲಿ ಅಂತ ಕೊಡೋ ಔಷಧಿಗೆ ನಮಗೆ ಬೇಕಾಗಿರೋದು ಆ ಗೆಡ್ಡೆ.

ಈಗ ನೇರವಾಗಿ ಒಬ್ಬಳ ಕಥೆಗೆ ಬರ್ತೀನಿ. ಜಗಳೂರು ಕಡೆ ಹುಡುಗಿ, ಚೊಚ್ಚಲ ಬಾಣಂತನಕ್ಕೆ ಇಲ್ಲೇ ದಾವಣಗೆರೆಗೆ ತವರಿಗೆ ಬಂದಿದ್ಲು. ಮಗುಗೆ 22 ದಿನ. ಅತ್ತೆಯೋರು ಜೊತೆಗೆ ಬಂದು "ಡಾಕ್ಟ್ರೇ, ಹಾಲೇ ಇಲ್ಲ ಇವಳಿಗೆ, ಶತಾವರಿ ಹತ್ತು ದಿನದಿಂದ ಕೊಡ್ತಾ ಇದ್ದೀವಿ, ಇನ್ನೂ ಪವರ್ ಇರೋದು ಬರ್ದುಕೊಡ್ರಿ" ಅಂದ್ರು. ನಾನು ಮೊದಲು ಕೇಳಿದ್ದು ಶತಾವರಿ ಬಗ್ಗೆ ಅಲ್ಲ, ಮಗು ದಿನಕ್ಕೆ ಎಷ್ಟು ಸಲ ಒದ್ದೆ ಮಾಡ್ತೈತೆ ಅಂತ. ಯಾರೂ ಎಣಿಸಿರಲಿಲ್ಲ. ನಾಲ್ಕೋ ಐದೋ ಇರಬಹುದು ಅಂದ್ಲು ಹುಡುಗಿ.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಹಾಲು ಸಾಲ್ತಿಲ್ಲ ಅಂತ ಬರೋ ತಾಯಂದಿರಲ್ಲಿ ತುಂಬಾ ಜನಕ್ಕೆ ನಿಜವಾಗಿ ಹಾಲು ಸಾಕಷ್ಟು ಇರ್ತೈತೆ. ಮಗು ಅಳ್ತು, ಎದೆ ಮೆತ್ತಗಾಯ್ತು, ಸಾಯಂಕಾಲ ಪದೇಪದೇ ಕುಡಿಯೋಕೆ ಹಟ ಮಾಡ್ತು, ಇಷ್ಟಕ್ಕೇ ಹಾಲಿಲ್ಲ ಅಂತ ಮನೆಯವರು ತೀರ್ಮಾನ ಮಾಡಿಬಿಡ್ತಾರೆ. ಆದ್ರೆ ಅಳು ಲೆಕ್ಕಕ್ಕಿಲ್ಲ ರೀ, ಲೆಕ್ಕಕ್ಕಿರೋದು ಎರಡೇ. ಒಂದು, ಐದಾರು ದಿನ ತುಂಬಿದ ಮಗು 24 ಗಂಟೇಲಿ ಆರಾದ್ರೂ ಬಟ್ಟೆ ಚೆನ್ನಾಗಿ ಒದ್ದೆ ಮಾಡಬೇಕು. ಎರಡನೇದು ತೂಕ. ಹುಟ್ಟಿದ ಮೊದಲ ಕೆಲವು ದಿನ ತೂಕ ಸ್ವಲ್ಪ ಇಳೀತೈತೆ, ಅದು ಸಹಜ, ಆಮೇಲೆ 10ರಿಂದ 14 ದಿನದೊಳಗೆ ಹುಟ್ಟಿದಾಗಿನ ತೂಕಕ್ಕೆ ವಾಪಸ್ ಬರಬೇಕು, ಅಲ್ಲಿಂದ ಮುಂದೆ ದಿನಕ್ಕೆ 20ರಿಂದ 30 ಗ್ರಾಂ ಏರ್ತಾ ಹೋಗಬೇಕು. ಇವೆರಡೂ ಸರಿ ಇದ್ರೆ ಹಾಲು ಸಾಲ್ತಾ ಐತೆ ಅಂತಾನೇ ಅರ್ಥ, ಯಾವ ಡಬ್ಬೀನೂ ಬೇಡ.

ಈ ಹುಡುಗಿ ಮಗು ಹುಟ್ಟಿದಾಗ 2 ಕೆಜಿ 900 ಗ್ರಾಂ. ಅವತ್ತು ಬರಿಮೈಲಿ ತೂಕ ಹಾಕಿದ್ರೆ 2 ಕೆಜಿ 880. ಅಂದ್ರೆ 22 ದಿನ ಆದ್ರೂ ಹುಟ್ಟಿದ ತೂಕಕ್ಕೇ ಬಂದಿಲ್ಲ. ಅತ್ತೆಯೋರು ಹೇಳಿದ್ದು ಸುಳ್ಳಲ್ಲ, ಇಲ್ಲಿ ತೊಂದರೆ ನಿಜವಾಗ್ಲೂ ಇತ್ತು. ಅವತ್ತೇ ಮಕ್ಕಳ ಡಾಕ್ಟರ್ ಹತ್ರ ಕಳಿಸ್ದೆ, ಅವರು ಪರೀಕ್ಷೆ ಮಾಡಿ ಮಗುಗೆ ಇನ್ನೇನೂ ಕಾಯಿಲೆ ಇಲ್ಲ, ಹೊಟ್ಟೆಗೆ ಸಾಲ್ತಿಲ್ಲ ಅಷ್ಟೇ ಅಂದ್ರು. ತಾಯಿದು ಥೈರಾಯ್ಡ್ ಟೆಸ್ಟ್ ಮಾಡಿಸ್ದೆ, ಹಿಮೋಗ್ಲೋಬಿನ್ ನೋಡ್ದೆ, ಮಾಸು ಪೂರ್ತಿ ಬಿದ್ದಿತ್ತಾ, ಹೆರಿಗೇಲಿ ರಕ್ತ ಜಾಸ್ತಿ ಹೋಗಿತ್ತಾ ಅಂತ ಪೇಪರ್ ನೋಡ್ದೆ. ಮಾಸಿನ ಚೂರು ಒಳಗೇ ಉಳಿದ್ರೂ ಥೈರಾಯ್ಡ್ ಕಮ್ಮಿ ಇದ್ರೂ ಹಾಲು ಸರಿಯಾಗಿ ಇಳಿಯಲ್ಲ, ಅದಕ್ಕೆ ಶತಾವರಿ ಕೆಜಿಗಟ್ಲೆ ತಿಂದ್ರೂ ಉಪಯೋಗ ಇಲ್ಲ. ಇವಳಿಗೆ ಅದ್ಯಾವುದೂ ಇರಲಿಲ್ಲ.

ಆಮೇಲೆ ನನ್ನ ಮುಂದೆನೇ ಹಾಲು ಕುಡಿಸು ಅಂದೆ. ಅಲ್ಲಿ ಗೊತ್ತಾಯ್ತು ನೋಡ್ರಿ. ಮಗು ತೊಟ್ಟಿನ ತುದಿ ಮಾತ್ರ ಹಿಡ್ಕೊಂಡು ಚಪ್ ಚಪ್ ಅಂತ ಸದ್ದು ಮಾಡ್ತಿತ್ತು, ನುಂಗೋದೇ ಕಾಣ್ತಿರಲಿಲ್ಲ. ತೊಟ್ಟು ಬಿರುಕು ಬಿಟ್ಟು ರಕ್ತ ಜಿನುಗ್ತಿತ್ತು, ನೋವಿಗೆ ಹೆದರಿ ದಿನಕ್ಕೆ ಆರೇ ಸಲ ಕುಡಿಸ್ತಿದ್ಲು, ರಾತ್ರಿ ಬಾಣಂತಿ ನಿದ್ದೆ ಮಾಡ್ಲಿ ಅಂತ ಅಜ್ಜಿ ಎರಡು ಬಾಟಲಿ ಪೌಡರ್ ಹಾಲು ಕೊಡ್ತಿದ್ರು, ಅದೂ ಮಗುಗೆ ಭಾರ ಆಗ್ತೈತೆ ಅಂತ ನೀರು ಜಾಸ್ತಿ ಬೆರೆಸಿ. ಪ್ರೀತಿಯಿಂದಲೇ ಮಾಡಿದ್ದು, ಬೈಯೋಕೆ ಮನಸ್ಸು ಬರಲ್ಲ. ಆದ್ರೆ ಎದೆ ಖಾಲಿಯಾದಷ್ಟೂ ಹೊಸ ಹಾಲು ಹುಟ್ತೈತೆ, ಖಾಲಿಯಾಗದೇ ನಿಂತ್ರೆ ದೇಹ ಇಷ್ಟು ಸಾಕು ಅಂತ ಕಮ್ಮಿ ಮಾಡ್ತೈತೆ. ಹಾಲು ಹುಟ್ಟಿಸೋ ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನು ರಾತ್ರಿ ಹೊತ್ತೇ ಜಾಸ್ತಿ ಇರೋದು, ಇವರು ಆ ರಾತ್ರಿ ಕುಡಿಸೋದನ್ನೇ ನಿಲ್ಲಿಸಿದ್ರು.

ಇನ್ನು ಆ ಡಬ್ಬಿ. ಗ್ರ್ಯಾನ್ಯೂಲ್ಸ್ ಅಂತಾರಲ್ಲ, ಏಲಕ್ಕಿ ಘಮ ಬರ್ತಿತ್ತು, ಹಾಲಿಗೆ ಹಾಕಿದ್ರೆ ಮಕ್ಕಳು ಕುಡಿಯೋ ಪೇಯದ ತರಾನೇ. ಲೇಬಲ್ ಓದಿದ್ರೆ ಹತ್ತು ಗ್ರಾಂನಲ್ಲಿ ಶತಾವರಿ ಸತ್ವ ಒಂದೂವರೆ ಗ್ರಾಂ, ಉಳಿದದ್ದು ಹೆಚ್ಚುಕಮ್ಮಿ ಪೂರ್ತಿ ಸಕ್ಕರೆ. ಎರಡು ಚಮಚ, ದಿನಕ್ಕೆ ಎರಡು ಸಲ, ಸುಮಾರು 20 ಗ್ರಾಂ ತಗೊಳ್ತಿದ್ಲು, ಅದರಲ್ಲಿ ಹದಿನೇಳು ಗ್ರಾಂ ಸಕ್ಕರೆ ಅಂದ್ರೆ ಟೀ ಚಮಚದಲ್ಲಿ ನಾಲ್ಕು. ಈ ಹುಡುಗಿಗೆ ಬಸುರಿಯಾಗಿದ್ದಾಗ ಶುಗರ್ ಬಂದಿತ್ತು! ಯಾರೂ ಅದನ್ನ ಇದನ್ನ ಸೇರಿಸಿ ನೋಡಿರಲಿಲ್ಲ. ಎಲ್ಲಾ ಡಬ್ಬೀನೂ ಹಿಂಗೇ ಅಂತ ಅಲ್ಲ, ಸಕ್ಕರೆ ಇಲ್ಲದ್ದೂ ಸಿಗ್ತಾವೆ, ಆದ್ರೆ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರೋದನ್ನ ಓದಲೇಬೇಕು.

ಡಬ್ಬಿ ಬದಲು ಚೂರ್ಣ ಕೊಟ್ಟೆ. ಮೂರು ಗ್ರಾಂ, ಅಂದ್ರೆ ಸಮ ಮಾಡಿದ ಒಂದು ಟೀ ಚಮಚ ಅಂದಾಜು, ಬೆಳಗ್ಗೆ ಒಂದ್ಸಲ ರಾತ್ರಿ ಒಂದ್ಸಲ ಉಗುರು ಬೆಚ್ಚಗಿನ ಹಾಲಲ್ಲಿ, ಬೆಲ್ಲ ಸಕ್ಕರೆ ಇಲ್ಲದೆ. ಅದಕ್ಕಿಂತ ಮುಖ್ಯ, ಮಗು ಬಾಯಿ ದೊಡ್ಡದಾಗಿ ತೆರೆದಾಗ ತೊಟ್ಟಿನ ಸುತ್ತಲಿನ ಕಪ್ಪು ಭಾಗಾನೂ ಒಳಗೆ ಹೋಗೋ ಹಾಗೆ, ಗಲ್ಲ ಎದೆಗೆ ತಾಗೋ ಹಾಗೆ ಹಿಡಿಸೋದು ಕಲಿಸ್ದೆ. 24 ಗಂಟೇಲಿ ಹತ್ತು ಸಲ, ರಾತ್ರಿ ಎರಡು ಸಲ ಕಡ್ಡಾಯ, ಕುಡಿಸಿದ ಮೇಲೆ ಉಳಿದದ್ದು ಹಿಂಡಿ ಒಳಲೆಯಲ್ಲಿ ಕೊಡೋದು. ಬಾಟಲಿ ಒಂದೇ ದಿನ ನಿಲ್ಲಿಸಬೇಡ್ರಿ, ಕೊಡೋವರೆಗೂ ಪೌಡರ್ ಅಳತೆ ಪ್ರಕಾರ ಕಲಸ್ರಿ, ತೂಕ ಏರ್ತಾ ಬಂದಂಗೆ ಕಮ್ಮಿ ಮಾಡೋಣ ಅಂದೆ. 25ನೇ ದಿನಕ್ಕೆ 2 ಕೆಜಿ 950, 29ಕ್ಕೆ 3 ಕೆಜಿ 70 ಗ್ರಾಂ. ಒದ್ದೆ ಬಟ್ಟೆ ಏಳೆಂಟು. ಅತ್ತೆಯೋರು ಅಂದ್ರು, "ನಿಮ್ಮ ಶತಾವರಿ ಒಳ್ಳೇದು ಡಾಕ್ಟ್ರೇ, ನಮ್ದು ಡೂಪ್ಲಿಕೇಟ್ ಇರಬೇಕು!"

ನಾನು ನಕ್ಕೆ. ಕೆಲಸ ಮಾಡಿದ್ದು ಬಹುಪಾಲು ಆ ಹಿಡಿಸೋ ಕ್ರಮಾನೇ. ಶತಾವರಿ ಎಷ್ಟು ಸಹಾಯ ಮಾಡ್ತು ಅಂತ ಬೇರ್ಪಡಿಸಿ ಹೇಳೋಕಾಗಲ್ಲ, ಆಯುರ್ವೇದದವಳಾಗಿ ಇದನ್ನ ಒಪ್ಕೊಳ್ಳೋಕೆ ನನಗೇನೂ ನಾಚಿಕೆ ಇಲ್ಲ. ಭಾವಪ್ರಕಾಶ ಅನ್ನೋ ನಮ್ಮ ಹಳೇ ಆಯುರ್ವೇದ ಗ್ರಂಥದಲ್ಲಿ ಶತಾವರಿ ಎದೆಹಾಲು ಹೆಚ್ಚಿಸ್ತೈತೆ ಅಂತ ಸ್ಪಷ್ಟವಾಗಿ ಐತೆ. ಆದ್ರೆ ಚರಕರು ಹಾಲು ಹುಟ್ಟಿಸೋ ಹತ್ತು ಮೂಲಿಕೆ ಗುಂಪು ಮಾಡಿದ್ದಾರಲ್ಲ, ಅದರಲ್ಲಿ ದರ್ಭೆ, ನೆಲ್ಲು, ಲಾವಂಚ ತರದ ಹುಲ್ಲುಗಳೇ ಜಾಸ್ತಿ, ಶತಾವರಿ ಆ ಗುಂಪಲ್ಲಿ ಇಲ್ಲ! ಕಾಲೇಜಲ್ಲಿ ಓದುವಾಗ ನಂಗೇ ಆಶ್ಚರ್ಯ ಆಗಿತ್ತು. ಈಗಿನ ಅಧ್ಯಯನಗಳೂ ಎರಡು ತರ ಹೇಳ್ತಾವೆ. 1996ರಲ್ಲಿ ನಮ್ಮ ದೇಶದ್ದೇ ಒಂದು ಪರೀಕ್ಷೇಲಿ ಶತಾವರಿ ಇದ್ದ ಔಷಧಿಗೂ ಬರೀ ಹುಸಿ ಪುಡಿಗೂ ವ್ಯತ್ಯಾಸ ಕಾಣಲಿಲ್ಲ, 2011ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ 60 ತಾಯಂದಿರಲ್ಲಿ ಬೇರಿನ ಪುಡಿ ತಗೊಂಡೋರಿಗೆ ಪ್ರೊಲ್ಯಾಕ್ಟಿನ್ ಹೆಚ್ಚಾಯ್ತು. ಅದರಲ್ಲಿ ಕೊಟ್ಟಿದ್ದು ಕೆಜಿ ತೂಕಕ್ಕೆ ದಿನಕ್ಕೆ 60 ಮಿಲಿಗ್ರಾಂ, 50 ಕೆಜಿ ಹೆಂಗಸಿಗೆ ಮೂರು ಗ್ರಾಂ ಆಗ್ತೈತೆ. ಹಂಗಾಗಿ ನಾನು ಕೊಡ್ತೀನಿ, ಆದ್ರೆ ಎರಡು ಮೂರು ವಾರ ನೋಡಿ ತೂಕ ಏರದಿದ್ರೆ ನಿಲ್ಲಿಸ್ತೀನಿ.

ಚೂರ್ಣ ಕೊಳ್ಳೋವಾಗ ಬಣ್ಣ ನೋಡ್ರಿ. ಗೆಡ್ಡೆ ಸಿಪ್ಪೆ ತೆಗೆದು, ಮಧ್ಯದ ನಾರು ಎಳೆದು ಒಣಗಿಸಿ ಪುಡಿ ಮಾಡಿದ್ರೆ ಕೆನೆ ಬಣ್ಣ ಬರ್ತೈತೆ, ನಾಲಿಗೆ ಮೇಲೆ ಮೊದಲು ಸಿಹಿ, ಆಮೇಲೆ ಸಣ್ಣಗೆ ಕಹಿ. ಕಂದು ಬಣ್ಣ, ಮುಗ್ಗುಲು ವಾಸನೆ, ಸಣ್ಣ ಹುಳ ಕಂಡ್ರೆ ಬೇಡ, ಹಿಟ್ಟಿನಂಶ ಇರೋದ್ರಿಂದ ಬೇಗ ಹುಳ ಹಿಡೀತೈತೆ. ಶತಾವರಿ ಘೃತ, ಲೇಹ್ಯ, ಕ್ಯಾಪ್ಸೂಲ್ ಎಲ್ಲಾ ಬರ್ತಾವೆ, ಲೇಹ್ಯದಲ್ಲೂ ಬೆಲ್ಲ ಸಕ್ಕರೆ ಇರ್ತೈತೆ ಮರೀಬೇಡ್ರಿ, ಕ್ಯಾಪ್ಸೂಲಿನ ಸತ್ವಕ್ಕೆ ಚೂರ್ಣದ ಅಳತೆ ಹೊಂದಲ್ಲ.

ಮುಟ್ಟು, ಬಿಳಿಮುಟ್ಟು, ಮುಟ್ಟು ನಿಲ್ಲೋ ವಯಸ್ಸಿನ ಮೈಬಿಸಿ ಅಂತೆಲ್ಲ ಕೇಳ್ತೀರಿ. ನಮ್ಮಲ್ಲಿ ಅದಕ್ಕೆ ಬಳಕೆ ಐತೆ, ಪುರಾವೆ ಮಾತ್ರ ಹಾಲಿಗಿಂತಲೂ ಕಮ್ಮಿ. ಬಿಳಿಮುಟ್ಟು ವಾಸನೆ ಬರ್ತಿದ್ರೆ, ತುರಿಕೆ ಇದ್ರೆ ಅದು ಸೋಂಕು, ಅದಕ್ಕೆ ಸೋಂಕಿನ ಔಷಧಿ ಬೇಕು. ಮುಟ್ಟು ನಿಂತು ವರ್ಷ ಆದ್ಮೇಲೆ ಒಂದು ಹನಿ ರಕ್ತ ಕಂಡ್ರೂ ಮೊದಲು ಸ್ತ್ರೀರೋಗ ತಜ್ಞರು, ಶತಾವರಿ ಅಲ್ಲ.

ಯಾರಿಗೆ ಬೇಡ ಅಂತ ಕೊನೇಗೆ ಕೇಳ್ರಿ. ಬಸುರಿಯರು ತಮ್ಮಷ್ಟಕ್ಕೆ ತಗೋಬಾರ್ದು. ನಮ್ಮಲ್ಲಿ ಕೊಡೋ ಪದ್ಧತಿ ಐತೆ ಅಂತ ನಂಗೊತ್ತು, ಆದ್ರೆ ಇಲಿಗಳಿಗೆ ಬಸುರಿಯಲ್ಲಿ ಶತಾವರಿ ಸತ್ವ ಕೊಟ್ಟಾಗ ಮರಿಗಳಿಗೆ ತೊಂದರೆ ಆಗಿದ್ದು ವರದಿಯಾಗೈತೆ. ಸ್ತನ ಕ್ಯಾನ್ಸರ್ ಬಂದು ಹೋದೋರು, ಹಾರ್ಮೋನ್ ಮೇಲೆ ಬೆಳೆಯೋ ಗರ್ಭಕೋಶದ ಗಡ್ಡೆ, ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯೋ ಎಂಡೋಮೆಟ್ರಿಯೋಸಿಸ್ ಇರೋರು ಬಿಡೋದೇ ಒಳ್ಳೇದು, ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನಿನ ತರ ಕೆಲಸ ಮಾಡೋ ಅಂಶ ಇದರಲ್ಲಿ ಇರಬಹುದು ಅನ್ನೋ ಅನುಮಾನ ಐತೆ. ಶುಗರ್ ಮಾತ್ರೆ ನುಂಗೋರಿಗೆ ಶುಗರ್ ತೀರಾ ಇಳಿಯೋ ಸಾಧ್ಯತೆ ಐತೆ, ಡಾಕ್ಟರಿಗೆ ತಿಳಿಸಿ ಆಗಾಗ ಚೆಕ್ ಮಾಡಿಸಬೇಕು. ಮೂತ್ರ ಜಾಸ್ತಿ ಮಾಡಿಸೋ ಗುಣಾನೂ ಐತೆ, ಅದಕ್ಕೇ ಲಿಥಿಯಂ ಮಾತ್ರೆ ತಗೊಳ್ಳೋರು, ಕಿಡ್ನಿ ತೊಂದರೆಯೋರು ಕೇಳದೆ ಮುಟ್ಟಬೇಡ್ರಿ. ಆಸ್ಪ್ಯಾರಗಸ್ ತರಕಾರಿ ಅಲರ್ಜಿ ಇರೋರಿಗೂ ಬೇಡ, ಇದೂ ಅದೇ ಜಾತಿ, ಕಣ್ಣು ಕೆರೆತ, ಮೂಗು ಸುರಿಯೋದು, ಉಸಿರು ಕಟ್ಟೋ ಹಾಗೆ ಆದ್ರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗ್ರಿ.

ಇನ್ನೂ ಒಂದು, ಇದನ್ನ ಯಾರೂ ಹೇಳಲ್ಲ. ಎದೆ ಕಲ್ಲಿನ ಹಾಗೆ ಗಟ್ಟಿಯಾಗಿ, ಕೆಂಪಾಗಿ, ಜ್ವರ ಬಂದ ಬಾಣಂತಿಗೆ ಶತಾವರಿ ಕೊಡಬಾರ್ದು. ಅಲ್ಲಿ ಹಾಲು ಕಮ್ಮಿ ಇಲ್ಲ, ಹೊರಗೆ ಬರೋಕೆ ದಾರಿ ಸಿಗದೆ ಕಟ್ಕೊಂಡೈತೆ. ಕುಡಿಸೋದು ನಿಲ್ಲಿಸಬೇಡ್ರಿ, ತಣ್ಣನೆ ಬಟ್ಟೆ ಹಾಕ್ರಿ, ಒಂದು ದಿನದಲ್ಲಿ ಇಳಿಯದಿದ್ರೆ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ರಿ, ಡಬ್ಬಿ ಕಪಾಟಲ್ಲೇ ಇರ್ಲಿ.

ಹಾಂ, ಅಲ್ಲಿ ಕೈ ಎತ್ತಿದ್ದೀರಲ್ಲ ಅಜ್ಜಿ, ಮೈಕ್ ಅವರಿಗೆ ಕೊಡ್ರಿ.