ಸಂಗೀತ ಉಳಿಯಿತು, ಹಾಡುವವರು ಬದಲಾದರು

ನಮಸ್ಕಾರ. ತಿರುವೈಯಾರಿನ ತ್ಯಾಗರಾಜ ಆರಾಧನೆಯ ವಿಡಿಯೋ ನೀವು ನೋಡಿರಬಹುದು. ಸಾಲಾಗಿ ಕೂತು ಪಂಚರತ್ನ ಕೃತಿ ಹಾಡುತ್ತಾರಲ್ಲ, ಅದೇ. ಅಲ್ಲಿ ಅರ್ಧಕ್ಕರ್ಧ ಹೆಂಗಸರಿರುತ್ತಾರೆ. 1940ರ ಸುಮಾರಿನ ತನಕ ಅದೇ ಜಾಗದಲ್ಲಿ ಗಂಡಸರ ಜೊತೆ ಕೂತು ಹೆಂಗಸರು ಹಾಡುವ ಹಾಗಿರಲಿಲ್ಲ. ಆದರೆ ಅಲ್ಲಿರುವ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ್ದು ಒಬ್ಬ ಹೆಂಗಸು, ನಮ್ಮ ನಂಜನಗೂಡಿನವರು!

ಹೆಸರು ಬೆಂಗಳೂರು ನಾಗರತ್ನಮ್ಮ, ಗಾಯಕಿ. 1878ರಲ್ಲಿ ದೇವದಾಸಿ ಮನೆತನದಲ್ಲಿ ಹುಟ್ಟಿದವರು.

(ಪರದೆ ಮೇಲೆ: ನಂಜನಗೂಡು ದೇವಸ್ಥಾನ)

ದೇವದಾಸಿ ಅಂದ ತಕ್ಷಣ ಇವತ್ತು ಒಂದೇ ಅರ್ಥ ಹೊಳೆಯುತ್ತದೆ. ಆದರೆ ಈ ಮನೆಗಳಲ್ಲಿ ಆಸ್ತಿ ತಾಯಿಯಿಂದ ಮಗಳಿಗೆ ಹೋಗುತ್ತಿತ್ತು, ವಿದ್ಯೆಯೂ ಹಾಗೆಯೇ. ದೇವಸ್ಥಾನದಲ್ಲಿ ಸೇವೆ ಮಾಡಿದರೆ ಇನಾಂ ಜಮೀನಿನ ಅನುಭವ, ಅರಮನೆಯಲ್ಲಿ ಹಾಡಿ ಕುಣಿದರೆ ಸಂಬಳ, ಉಡುಗೊರೆ. ಹುಡುಗಿಯರು ಓದು ಬರಹವನ್ನೂ ಕಲಿಯುತ್ತಿದ್ದರು. ಬೇರೆ ಮನೆಗಳ ಹೆಣ್ಣುಮಕ್ಕಳಿಗೆ ಆಗ ಅದೆಲ್ಲಿತ್ತು? ಇದಕ್ಕೆ ಇನ್ನೊಂದು ಮುಖವೂ ಇತ್ತು, ಅದನ್ನ ಮುಚ್ಚಿಡಬಾರದು. ಏನೂ ಅರಿಯದ ವಯಸ್ಸಿನಲ್ಲೇ ಹುಡುಗಿಗೆ ಗೆಜ್ಜೆ ಪೂಜೆ ಮಾಡಿಸಿ ಅವಳ ಬದುಕನ್ನ ಬೇರೆಯವರು ತೀರ್ಮಾನಿಸುತ್ತಿದ್ದರು.

ಸುಧಾರಕರು ಹಿಡಿದಿದ್ದು ಇದನ್ನೇ. ಮೈಸೂರು ಸರ್ಕಾರ 1909ರಲ್ಲಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನ ನಿಲ್ಲಿಸಿತು. ನಂಜನಗೂಡಿನ ದೇವದಾಸಿಯರು ಅರ್ಜಿ ಹಾಕಿಕೊಂಡರು, ಫಲ ಸಿಗಲಿಲ್ಲ.

ಮದ್ರಾಸಿನಲ್ಲಿ ಈ ಹೋರಾಟ ಮುಂದುವರಿಸಿದವರು ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿ. ಅವರ ತಾಯಿಯೂ ಇದೇ ಸಮುದಾಯದವರು, ಹಾಗಾಗಿ ಹೊರಗಿನವರ ಬೋಧನೆ ಅಂತ ಇದನ್ನ ತಳ್ಳಿಹಾಕೋಕೆ ಆಗಲ್ಲ. 1927ರಲ್ಲಿ ಅವರು ಶಾಸನ ಸಭೆಯಲ್ಲಿ ವಿಷಯ ಎತ್ತಿದಾಗ ಎದುರು ನಿಂತವರಲ್ಲಿ ನಾಗರತ್ನಮ್ಮನೂ ಒಬ್ಬರು. ದೇವದಾಸಿಯರ ಸಂಘ ಕೇಳಿದ್ದು ಸರಳ: ನಮ್ಮೆಲ್ಲರನ್ನೂ ವೇಶ್ಯೆಯರು ಅನ್ನಬೇಡಿ, ನಮ್ಮ ಮಕ್ಕಳಿಗೆ ಓದು ಕೊಡಿ, ಕಲೆ ಕಲಿಸಿ.

1929ರ ಕಾನೂನು ಇನಾಂ ಜಮೀನನ್ನ ಸೇವೆಯಿಂದ ಬಿಡಿಸಿತು. ಅಂದರೆ ಸೇವೆ ಮಾಡದಿದ್ದರೂ ಜಮೀನು ಕೈತಪ್ಪಲ್ಲ. ಒಳ್ಳೇದೇ ಅಲ್ವಾ? ಹೌದು. ಆದರೆ ದೇವಸ್ಥಾನದ ಜೊತೆಗಿದ್ದ ನಂಟು ಕಡಿಯಿತು, ಮಗಳಿಗೆ ಈ ವಿದ್ಯೆ ಕಲಿಸೋಕೆ ಇದ್ದ ಕಾರಣವೂ ಹೋಯಿತು. 1947ರಲ್ಲಿ ಮದ್ರಾಸಿನಲ್ಲಿ ಪದ್ಧತಿಯನ್ನೇ ನಿಷೇಧಿಸಿದರು. ಗಮನಿಸಿ, ಅದೇ ಸಮುದಾಯದ ಗಂಡಸರು ನುಡಿಸುತ್ತಿದ್ದ ನಾಗಸ್ವರ, ತವಿಲ್ ದೇವಸ್ಥಾನದಲ್ಲೇ ಉಳಿದವು. ಜಾಗ ಖಾಲಿ ಮಾಡಬೇಕಾಗಿ ಬಂದಿದ್ದು ಹೆಂಗಸರು.

(ಪರದೆ ಮೇಲೆ: ಮದ್ರಾಸ್, 1927)

ಇದೇ ಹೊತ್ತಿಗೆ ಸಂಗೀತ ಇನ್ನೊಂದು ಕಡೆ ಮನೆ ಮಾಡುತ್ತಿತ್ತು. 1927ರ ಕಾಂಗ್ರೆಸ್ ಅಧಿವೇಶನದ ಜೊತೆ ಮದ್ರಾಸಿನಲ್ಲಿ ಸಂಗೀತ ಸಮ್ಮೇಳನ ನಡೆಯಿತು, ಮರುವರ್ಷ ಮ್ಯೂಸಿಕ್ ಅಕಾಡೆಮಿ ಶುರುವಾಯಿತು. ನಡೆಸುವವರು ಹೆಚ್ಚಿನವರು ವಕೀಲರು, ಡಾಕ್ಟರುಗಳು, ಬ್ರಾಹ್ಮಣರೇ ಜಾಸ್ತಿ. ಅವರ ದೃಷ್ಟಿಯಲ್ಲಿ ಇದು ದೇಶದ ಶಾಸ್ತ್ರೀಯ ಕಲೆ, ಅದಕ್ಕೆ ಪಠ್ಯ ಬೇಕು, ಪರೀಕ್ಷೆ ಬೇಕು. ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಸಂಗೀತದ ಪಾಠ ಬಂತು. ಅದಕ್ಕೆ ಮೊದಲು ವೀಣೆ ಧನಮ್ಮಾಳ್ ಅವರಂಥ ದೇವದಾಸಿ ಕಲಾವಿದೆಯರ ಮನೆಯಲ್ಲಿ ಮಗು ಅಜ್ಜಿ ನುಡಿಸೋದನ್ನ ಕೇಳುತ್ತಲೇ ಬೆಳೆದು ಕಲಿಯುತ್ತಿತ್ತು. ಪದ ಅನ್ನೋ ನಿಧಾನವಾದ ಪ್ರೇಮದ ಹಾಡುಗಳು, ಜಾವಳಿ ಅನ್ನೋ ತುಂಟ ಹಾಡುಗಳು ಆ ಮನೆಗಳ ಸೊತ್ತು. ಹೊಸ ಕಛೇರಿಯಲ್ಲಿ ಕೃತಿಗಳದೇ ಸಿಂಹಪಾಲು, ಪದ ಜಾವಳಿ ಕೊನೆಗೆ ಸರಿದವು. ಶೃಂಗಾರದ ಸಾಹಿತ್ಯ ಅಂದ್ರೆ ಹೊಸ ಕೇಳುಗರಿಗೆ ಮುಜುಗರ, ಇನ್ನೇನು!

ಬಾಗಿಲು ಬರೀ ಮುಚ್ಚಲಿಲ್ಲ, ತೆರೆಯಿತು ಕೂಡ, ಆದರೆ ಬೇರೆಯವರಿಗೆ. ಬ್ರಾಹ್ಮಣ ಮನೆತನದ ಡಿ.ಕೆ. ಪಟ್ಟಮ್ಮಾಳ್ 1930ರ ದಶಕದಲ್ಲಿ ವೇದಿಕೆ ಹತ್ತಿದರು. ಗಂಡಸರದ್ದೇ ಅಂತಿದ್ದ, ಕಛೇರಿಯ ಕಷ್ಟದ ಭಾಗವಾದ ರಾಗಂ ತಾನಂ ಪಲ್ಲವಿಯನ್ನೂ ಹಾಡಿ ತೋರಿಸಿದರು. ದೇವದಾಸಿ ಮನೆತನದ ಎಂ.ಎಸ್. ಸುಬ್ಬುಲಕ್ಷ್ಮಿ ಮಾತ್ರ ಎಲ್ಲರನ್ನೂ ಮೀರಿ ಬೆಳೆದರು. 1940ರಲ್ಲಿ ಸದಾಶಿವಂ ಅವರನ್ನ ಮದುವೆಯಾದ ಮೇಲೆ ಜನ ಕಂಡಿದ್ದು ಬ್ರಾಹ್ಮಣ ಗೃಹಿಣಿಯ ಚಿತ್ರ. ಆ ಪ್ರತಿಭೆ ಎಲ್ಲಿದ್ದರೂ ಮಿಂಚುತ್ತಿತ್ತು, ನಿಜ. ಆದರೆ ಅವರಷ್ಟು ಎತ್ತರಕ್ಕೆ ಹೋಗದವರ ಹೆಸರು ನಮಗೆ ಗೊತ್ತೇ ಇಲ್ಲವಲ್ಲ.

ನಾಗರತ್ನಮ್ಮ ಬೇರೆ ದಾರಿ ಹಿಡಿದರು. ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ 1920ರ ದಶಕದಲ್ಲಿ ತಮ್ಮ ಗಳಿಕೆ ಸುರಿದು ಗುಡಿ ಕಟ್ಟಿಸಿದರು. ಆರಾಧನೆ ನಡೆಸುತ್ತಿದ್ದ ಎರಡು ಗಂಡಸರ ಬಣಗಳೂ ಹೆಂಗಸರನ್ನ ಹಾಡೋಕೆ ಬಿಡಲಿಲ್ಲ. ಸರಿ, ಇವರು ಹೆಂಗಸರದ್ದೇ ಮೂರನೇ ಬಣ ಕಟ್ಟಿದರು! ಕೊನೆಗೆ 1940ರ ಹೊತ್ತಿಗೆ ಮೂರೂ ಒಂದಾದವು. 1952ರಲ್ಲಿ ತೀರಿಕೊಂಡ ನಾಗರತ್ನಮ್ಮನವರ ಸಮಾಧಿಯೂ ತ್ಯಾಗರಾಜರ ಸಮಾಧಿಯ ಹತ್ತಿರವೇ ಇದೆ.