ಇಪ್ಪತ್ತೈದು ಕೆಜಿ ಅಕ್ಕಿ ಒಂದು ಕೆಜಿ ಆಗಿದ್ದು ಹೇಗೆ

ಎಲ್ರಿಗೂ ನಮಸ್ಕಾರ. ಇವತ್ತು ಒಂದು ಕಂಪ್ಯೂಟರ್ ವಿಷ್ಯ, ಆದ್ರೆ ಶುರು ಆಗೋದು ದಿನಸಿ ಅಂಗಡಿಯಿಂದ. ನಮ್ಮ ಸೋದರಮಾವಂದು ಒಂದು ಅಂಗಡಿ ಇದೆ, ಈಗ ಅರ್ಧಕ್ಕರ್ಧ ಆರ್ಡರ್ ವಾಟ್ಸಾಪಲ್ಲೇ ಬರತ್ತೆ. ಮಾವ ಹೇಳಿದ್ರು, ನೀನು ಕಂಪ್ಯೂಟರ್ ಓದಿದೀಯಲ್ಲ, ಈ ಮೆಸೇಜ್ ಓದಿ ಯಾವ ಸಾಮಾನು ಎಷ್ಟು ಕೆಜಿ ಅಂತ ಪಟ್ಟಿ ಮಾಡೋ ಹಂಗೆ ಏನಾದ್ರೂ ಮಾಡಿಕೊಡು ಅಂತ. ನಾನು, ಅದೇನ್ ಮಾವ, ಒಂದು ಸಂಜೆ ಕೆಲಸ ಅಂದ್ಬಿಟ್ಟೆ.

ನಾನು ಬರೆದಿದ್ದು ಪೈಥಾನಲ್ಲಿ, ಒಂದು ಸಾಲಿನ ಪ್ಯಾಟರ್ನ್. ಒಂದು ಅಂಕಿ ಹುಡುಕು, ಅದ್ರ ಪಕ್ಕ ಕೆಜಿ ಅಂತ ಇದೆಯಾ ನೋಡು, ಅಲ್ಲಿಗೆ ಪದ ಮುಗೀಬೇಕು, ಅಷ್ಟೆ. ಪದ ಮುಗೀತು ಅನ್ನೋಕೆ `\b` ಅಂತ ಒಂದು ಗುರುತಿದೆ, ಇಂಗ್ಲಿಷ್ ಅಕ್ಷರದ `kg` ಜೊತೆ ಅದು ಚೆನ್ನಾಗೇ ಕೆಲಸ ಮಾಡ್ತು. ಕನ್ನಡ ಅಂಕಿ ಹಾಕಿದ್ರೂ ತೊಂದ್ರೆ ಇರ್ಲಿಲ್ಲ, ಪೈಥಾನಲ್ಲಿ ಅಂಕಿ ಅನ್ನೋಕೆ ಇರೋ ಗುರುತು `\d`, ಅದಕ್ಕೆ ೨೫ ಕೂಡ ಅಂಕಿನೇ, ಅದನ್ನ ನಂಬರ್ ಮಾಡಿದ್ರೆ 25 ಅಂತಾನೇ ಬರತ್ತೆ (ಜಾವಾಸ್ಕ್ರಿಪ್ಟಲ್ಲಿ ಹಂಗಿಲ್ಲ, ಅಲ್ಲಿ 0ಯಿಂದ 9 ಮಾತ್ರ).

ಆಮೇಲೆ ಒಂದು ಮೆಸೇಜ್ ಬಂತು. "1 ಕೆಜಿಗೆ 52 ಆದ್ರೆ ಅಕ್ಕಿ 25 ಕೆಜಿ ಕಳ್ಸಿ". ನಮ್ಮ ಪಟ್ಟಿಲಿ ಏನ್ ಬಂತು ಗೊತ್ತಾ, ಅಕ್ಕಿ 1 ಕೆಜಿ! ಇರೋ 25 ಬಿಟ್ಟು, ರೇಟ್ ಹೇಳೋಕೆ ಬರೆದಿದ್ದ 1 ಹಿಡ್ಕೊಂಡು ಬಂದಿದೆ.

ಕಾರಣ ಹುಡುಕೋಕೆ ಎರಡು ದಿನ ಹೋಯ್ತು. ಕೆಜಿ ಅನ್ನೋ ಪದದ ಕೊನೇಲಿ ಇರೋದು ಗುಡಿಸು, ಜ ಮೇಲಿನ ಇಕಾರ. ಪೈಥಾನಲ್ಲಿ ಪ್ಯಾಟರ್ನ್ ಹುಡುಕೋ ಭಾಗ `re`, ಅದರ ಲೆಕ್ಕದಲ್ಲಿ ಜ ಅಕ್ಷರ, ಆದ್ರೆ ಗುಡಿಸು ಅಕ್ಷರ ಅಲ್ಲ, ಬರೀ ಚಿಹ್ನೆ. `\b` ಕೇಳೋದು ಏನು ಅಂದ್ರೆ ಒಂದು ಕಡೆ ಅಕ್ಷರ ಇರ್ಬೇಕು, ಇನ್ನೊಂದು ಕಡೆ ಇರಬಾರದು. "ಕೆಜಿ ಕಳ್ಸಿ" ಅಂದಾಗ ಗುಡಿಸೂ ಅಕ್ಷರ ಅಲ್ಲ, ಪಕ್ಕದ ಖಾಲಿ ಜಾಗಾನೂ ಅಲ್ಲ, ಹಾಗಾಗಿ ಅಲ್ಲಿ ಪದ ಮುಗಿದೇ ಇಲ್ಲ ಅನ್ನತ್ತೆ. "ಕೆಜಿಗೆ" ಅಂದಾಗ ಗುಡಿಸಿನ ಪಕ್ಕ ಗ ಇದೆ, ಒಂದು ಕಡೆ ಅಕ್ಷರ ಸಿಕ್ತಲ್ಲ, ಸರಿ ಪದ ಮುಗೀತು ಅನ್ನತ್ತೆ. ಅಂದ್ರೆ ಬೇಕಾದ ಕಡೆ ಬಿಟ್ಟು, ಬೇಡದ ಕಡೆ ಹಿಡಿಯೋದು, ಪೂರ್ತಿ ಉಲ್ಟಾ.

ಸರಿ, `\b` ತೆಗೆದು, ಕೆಜಿ ಆದ್ಮೇಲೆ ಕನ್ನಡ ಅಕ್ಷರ ಯಾವ್ದೂ ಅಂಟಿರಬಾರದು ಅಂತ ಹಾಕಿದೆ. ಆಗ "5 ಕೆಜಿನೇ ಕಳ್ಸಿ", "25 ಕೆಜಿದು ಒಂದು ಮೂಟೆ" ಇಂಥವೆಲ್ಲ ತಪ್ಪಿಹೋದ್ವು, ನಮ್ಮ ಭಾಷೇಲಿ ಪ್ರತ್ಯಯ ಬಾಲದ ಥರ ಅಂಟ್ಕೊಂಡೇ ಇರತ್ತಲ್ಲ. ಕೊನೆಗೆ ಬಾಲ ಯಾವ್ದಾದ್ರೂ ಇರ್ಲಿ, "ಗೆ" ಒಂದಿದ್ರೆ ಮಾತ್ರ ಅದು ರೇಟ್ ಇರಬಹುದು ಅಂತ ಪಕ್ಕಕ್ಕಿಟ್ಟೆ. ಇರಬಹುದು ಅಷ್ಟೇ, ಯಾಕಂದ್ರೆ "2 ಕೆಜಿಗೆ ಬಿಲ್ ಹಾಕಿ" ಅಂತಾನೂ ಬರೀತಾರೆ, ಅದು ನಿಜವಾದ ತೂಕ. ಅಂಥದನ್ನ ಮಾವನೇ ನೋಡ್ಲಿ ಅಂತ ಕೆಂಪು ಬಣ್ಣ ಹಾಕಿ ತೋರಿಸ್ತೀನಿ.

ಇನ್ನೊಂದು ಎಡವಟ್ಟು ಅಂಕಿ ಇಲ್ಲದ ತೂಕದ್ದು. ಕಾಲು ಕೆಜಿ, ಅರ್ಧ ಕೆಜಿ, ಒಂದೂವರೆ ಕೆಜಿ ಅಂತ ಬರೆಯೋರೇ ಜಾಸ್ತಿ. ನಾನೊಂದು ಪಟ್ಟಿ ಇಟ್ಕೊಂಡು ಒಂದೊಂದೇ ಪದ ಮೆಸೇಜಲ್ಲಿ ಇದೆಯಾ ಅಂತ ಹುಡುಕ್ತಿದ್ದೆ, ಮೊದಲನೇದು ಕಾಲು. ಒಬ್ಬರು "ಮುಕ್ಕಾಲು ಕೆಜಿ ತೊಗರಿಬೇಳೆ" ಅಂತ ಹಾಕಿದ್ರು, ಅವ್ರಿಗೆ ಹೋಗಿದ್ದು 250 ಗ್ರಾಂ. ಮುಕ್ಕಾಲು ಅನ್ನೋದರ ಹೊಟ್ಟೇಲೇ ಕಾಲು ಇದೆ ನೋಡಿ, ಒಂದೂಕಾಲು ಒಳಗೂ ಇದೆ. ಅಂಗಡಿಗೆ ಬಂದು, ಏನ್ ಯಜಮಾನ್ರೇ ಬೇಳೆಗೆ ಬರಗಾಲಾನಾ ಅಂದ್ರಂತೆ. ಈಗ ಉದ್ದದ ಪದ ಮೊದಲು ಹುಡುಕಿ, ಸಿಕ್ಕಿದ್ರೆ ಅಷ್ಟು ಭಾಗ ಅಳಿಸಿ, ಆಮೇಲೆ ಚಿಕ್ಕ ಪದಕ್ಕೆ ಹೋಗ್ತೀನಿ.

ಸಿಕ್ಕಿದ ತೂಕನೆಲ್ಲ ಒಳಗಡೆ ಗ್ರಾಂ ಲೆಕ್ಕದಲ್ಲೇ ಇಡೋದು, ಮುಕ್ಕಾಲು ಕೆಜಿ ಅಂದ್ರೆ 750, ಕ್ವಿಂಟಾಲ್ ಅಂದ್ರೆ 1,00,000. ಮೂಟೆ ಅಂತ ಬರೀ ಮೂಟೆ ಹೇಳಿದ್ರೆ ಮಾತ್ರ ನಾನು ಕೆಜಿಗೆ ತಿರುಗಿಸಲ್ಲ, 25ರದ್ದೂ ಇದೆ 50ರದ್ದೂ ಇದೆ. ಸೇರು ಅಂದ್ರೂ ಅಷ್ಟೇ, ಊರಿಂದೂರಿಗೆ ಬೇರೆ, ಕೆಲವರಿಗೆ ಅದು ತೂಕಾನೇ ಅಲ್ಲ, ಅಳತೆ ಪಾತ್ರೆ. ಅವರು ಬರೆದಿದ್ದನ್ನ ಹಂಗೇ ಇಟ್ಟು ಪಕ್ಕದಲ್ಲಿ ಮೂಲ ಮೆಸೇಜೂ ತೋರಿಸ್ತೀನಿ, ಮಾವ ಒಂದು ಫೋನ್ ಮಾಡಿ ಕೇಳ್ಕೊತಾರೆ.

ಮೊನ್ನೆ ಇನ್ನೊಂದು ಬಂದಿದೆ, "ಹೋದ್ಸಲದಷ್ಟೇ ಸಕ್ಕರೆ" ಅಂತ. ಅದಕ್ಕೆ ನನ್ನ ಹತ್ರ ಪ್ಯಾಟರ್ನ್ ಇಲ್ಲ, ಮಾವಂಗೆ ಮಾತ್ರ ಬಾಯಲ್ಲೇ ಇತ್ತು, ಎರಡೂವರೆ ಕೆಜಿ ಅಂತ. ನಮಸ್ಕಾರ.